ಮಾತಿಲ್ಲ ಸರಿ, ಧಾತಿಲ್ಲ ಯಾಕೆ ತಪ್ಪು?

(ಕನ್ನಡ ಕಲಿಸುವವರು ಮತ್ತು ಪತ್ರಿಕೆಗಳಲ್ಲಿ ಕರಡು ತಿದ್ದುವವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಧಿ ಅಂದ ಕೂಡಲೇ ನಮಗೆ ಶಾಲೆಯ ಪಟ್ಟಿ ನೆನಪಾಗುತ್ತದೆ. ಲೋಪ, ಆಗಮ, ಆದೇಶ. ಆಮೇಲೆ ಸಂಸ್ಕೃತದ ಸವರ್ಣದೀರ್ಘ, ಗುಣ, ವೃದ್ಧಿ, ಯಣ್. ಆ ಪಟ್ಟಿಯನ್ನು ಇವತ್ತು ಮತ್ತೆ ಓದುವುದಿಲ್ಲ. ಒಂದೇ ಒಂದು ಸ್ವರದ ಬಗ್ಗೆ ಮಾತಾಡುತ್ತೇನೆ. ಪದದ ಕೊನೆಯಲ್ಲಿ ಬರುವ ಉ. ಮುಂದಿನ ಪದ ಸ್ವರದಿಂದ ಶುರುವಾದಾಗ ಈ ಉ ಏನಾಗುತ್ತದೆ, ಕೂಡಿಸಿ ಬರೆದ ರೂಪ ಸರಿಯೋ ತಪ್ಪೋ ಅಂತ ಹೇಗೆ ಹೇಳುವುದು, ಇಷ್ಟೇ ವಿಷಯ.

ಎರಡು ಪದ ತಗೊಳ್ಳಿ. ಮಾತು, ಧಾತು. ಎರಡೂ ಒಂದೇ ಅಳತೆಯವು, ಎರಡರ ಕೊನೆಯಲ್ಲೂ 'ತು' ಇದೆ. ಇವುಗಳ ಮುಂದೆ 'ಇಲ್ಲ' ಸೇರಿಸಿ. ಮಾತು + ಇಲ್ಲ = ಮಾತಿಲ್ಲ. ಧಾತು + ಇಲ್ಲ = ಧಾತುವಿಲ್ಲ. ಒಂದರಲ್ಲಿ ಉ ಬಿದ್ದುಹೋಯಿತು. ಇನ್ನೊಂದರಲ್ಲಿ ಉ ಉಳಿಯಿತು, ಅದರ ಪಕ್ಕಕ್ಕೆ ವ್ ಬಂದು ಕೂತಿತು. ಅದಲು ಬದಲು ಮಾಡಿ ನೋಡಿ: ಮಾತುವಿಲ್ಲ, ಧಾತಿಲ್ಲ. ಕನ್ನಡ ಕೇಳಿ ಬೆಳೆದ ಯಾರ ಕಿವಿಯೂ ಇದನ್ನು ಒಪ್ಪುವುದಿಲ್ಲ. ಆದರೆ ಯಾಕೆ ಅಂತ ಕೇಳಿದರೆ ಹೇಳುವುದಕ್ಕೆ ತಡವರಿಸುತ್ತೇವೆ.

ಪಠ್ಯಪುಸ್ತಕದ ಉತ್ತರ ನಿಮಗೆಲ್ಲ ಗೊತ್ತು. ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಂತಿದ್ದರೆ ಹಿಂದಿನ ಸ್ವರ ಲೋಪವಾಗುತ್ತದೆ. ಅರ್ಥ ಕೆಡುವಂತಿದ್ದರೆ ಯಕಾರವೋ ವಕಾರವೋ ಆಗಮವಾಗುತ್ತದೆ. ಈ ಮಾತು ಸುಳ್ಳಲ್ಲ. 'ಗುರು + ಇಲ್ಲ' ಎಂಬಲ್ಲಿ ಉ ಬಿಟ್ಟುಬಿಟ್ಟರೆ 'ಗುರಿಲ್ಲ' ಆಗುತ್ತದೆ, ಕೇಳಿದವರಿಗೆ 'ಗುರಿ ಇಲ್ಲ' ಅನ್ನಿಸುತ್ತದೆ. 'ಮರ + ಇಲ್ಲ' ಎಂಬಲ್ಲಿ ಅ ಬಿಟ್ಟರೆ 'ಮರಿಲ್ಲ' ಆಗುತ್ತದೆ, ಕುರಿಯ ಮರಿಯೋ ಬೆಕ್ಕಿನ ಮರಿಯೋ ಕಣ್ಣ ಮುಂದೆ ಬರುತ್ತದೆ. ಇಂಥ ಕಡೆ ಪುಸ್ತಕದ ಮಾತು ಚೆನ್ನಾಗಿ ಒಪ್ಪುತ್ತದೆ. ಧಾತುವಿನ ವಿಷಯದಲ್ಲಿ ಒಪ್ಪುವುದಿಲ್ಲ. 'ಧಾತಿಲ್ಲ' ಅಂದರೆ ಬೇರೆ ಯಾವ ಅರ್ಥ ಬಂದುಬಿಡುತ್ತದೆ? ಯಾವುದೂ ಇಲ್ಲ. ಆದರೂ ಅದು ತಪ್ಪು. ಅಂದರೆ ಅರ್ಥ ಕೆಡುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ತೀರ್ಪು ಕೊಡುವುದಕ್ಕೆ ಆಗುವುದಿಲ್ಲ. ಇನ್ನೊಂದು ಪ್ರಶ್ನೆ ಬೇಕು. ಆ ಉ ಯಾರದು?

ಊರು ಎಂಬ ಪದ ನೋಡಿ. ಹಳಗನ್ನಡದಲ್ಲಿ ಅದು ಊರ್. ಹಾಲು ಅಂದರೆ ಪಾಲ್, ಹೆಸರು ಅಂದರೆ ಪೆಸರ್, ಕಣ್ಣು ಅಂದರೆ ಕಣ್, ಕಲ್ಲು ಅಂದರೆ ಕಲ್. ಪದದ ಕೊನೆಯಲ್ಲಿ ಬರೀ ವ್ಯಂಜನ ಇರುತ್ತಿತ್ತು. ಬರಬರುತ್ತಾ ಕನ್ನಡಕ್ಕೆ ಪದ ಸ್ವರದಲ್ಲೇ ಮುಗಿಯಬೇಕು ಎಂಬ ಅಭ್ಯಾಸ ಬಂತು, ಕೊನೆಯಲ್ಲಿ ಒಂದು ಉ ಸೇರಿಕೊಂಡಿತು. ಈ ಉ ಪದದ ಮೈಯೊಳಗಿನದಲ್ಲ, ನಾಲಿಗೆಯ ಅನುಕೂಲಕ್ಕೆ ಬಂದದ್ದು. ಮುಂದೆ ಇನ್ನೊಂದು ಸ್ವರ ಬಂದ ಕೂಡಲೇ ಇದರ ಕೆಲಸ ಮುಗಿಯಿತು, ಸುಮ್ನೆ ಹೊರಟುಹೋಗುತ್ತದೆ. ಊರಿಲ್ಲ, ಹಾಲಿದೆ, ಹೆಸರೇನು, ಕಣ್ಣಾಯಿತು. ಮಾತು, ಕಾಡು, ನಾಡು, ಹಾಡು ಇಂಥ ಪದಗಳಲ್ಲಿ ಹಳಗನ್ನಡದಲ್ಲೂ ಉ ಇತ್ತು. ಆದರೆ ಅದೂ ಇಷ್ಟೇ ಹಗುರವಾದ ಉ, ಸ್ವರ ಕಂಡರೆ ಬೀಳುತ್ತದೆ.

ಧಾತು, ಗುರು, ವಸ್ತು, ಬಂಧು, ಬಿಂದು, ಸಾಧು, ವಾಯು, ಶತ್ರು. ಇವು ಸಂಸ್ಕೃತದಿಂದ ಬರುವಾಗಲೇ ಉ ಹೊತ್ತುಕೊಂಡು ಬಂದವು. ಉ ತೆಗೆದರೆ ಪದವೇ ಅರ್ಧ ಹೋದಂತೆ. ಅದಕ್ಕೇ ಇಲ್ಲಿ ಉ ಬೀಳುವುದಿಲ್ಲ. ವಸ್ತುವಿಲ್ಲ, ಬಂಧುವಾದ, ಶತ್ರುವೆಂದು. ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ನಂಟು ಮತ್ತು ಬಂಧು: ನಂಟಿಲ್ಲ, ಬಂಧುವಿಲ್ಲ. ಬೇರು ಮತ್ತು ಮೇರು: ಬೇರಿಲ್ಲ, ಮೇರುವಿಲ್ಲ.

ಹಾಗಾದರೆ ಸಂಸ್ಕೃತ ಪದವಾದರೆ ವ್, ಕನ್ನಡ ಪದವಾದರೆ ಲೋಪ ಅಂತ ಹೇಳಿಬಿಡೋಣವೇ? ಬೇಡ. ಮನಸ್ಸು ಸಂಸ್ಕೃತದಿಂದ ಬಂದದ್ದು, ಆದರೂ ಮನಸ್ಸಿಲ್ಲ ಅನ್ನುತ್ತೇವೆ. ಯಾಕೆ ಅಂದರೆ ಅಲ್ಲಿ ಬಂದದ್ದು 'ಮನಸ್' ಮಾತ್ರ, ಉ ನಾವು ಹಚ್ಚಿದ್ದು. ವಯಸ್ಸು, ತೇಜಸ್ಸು ಕೂಡ ಹಾಗೇ. ಇಂಗ್ಲಿಷಿನಿಂದ ಬಂದ ಪದಗಳೂ ಇದೇ ದಾರಿ ಹಿಡಿದಿವೆ. ಕಾರು, ಫೋನು, ಬಸ್ಸು ಇವುಗಳ ಉ ನಮ್ಮದು, ಅದಕ್ಕೇ ಕಾರಿಲ್ಲ, ಫೋನಿದೆ, ಬಸ್ಸಾಯಿತು. ಹೋಟೆಲಿನ 'ಮೆನು' ಎಂಬ ಪದದ ಉ ಅದರ ಸ್ವಂತದ್ದು, ಅದಕ್ಕೇ ಮೆನುವಿಲ್ಲ, ಮೆನುವಿನಲ್ಲಿ. ಬೆಂಗಳೂರಿನಲ್ಲಿ ಅನ್ನುವವರೇ ಜಮ್ಮುವಿನಲ್ಲಿ ಅನ್ನುತ್ತಾರೆ. ವ್ಯಾಕರಣ ಓದದ ಮನುಷ್ಯನೂ ಇದನ್ನು ತಪ್ಪುವುದಿಲ್ಲ, ಅದು ನನಗೆ ತುಂಬಾ ಇಷ್ಟವಾದ ಸಂಗತಿ.

ಈಗ ಅಪ್ಪಟ ಕನ್ನಡ ಪದಗಳಲ್ಲೇ ಉಳಿಯುವ ಉ ಕಡೆ ಬರೋಣ. ಮಗು, ಕರು, ಮಡು, ನಗು, ಅಳು. ಮಗುವಿಲ್ಲ, ಕರುವಿದೆ, ನಗುವಿಲ್ಲ. ಇಲ್ಲಿ ಉ ಯಾಕೆ ಗಟ್ಟಿ? ಈ ಪದಗಳ ಅಳತೆ ನೋಡಿ. ಎರಡೇ ಅಕ್ಷರ, ಎರಡೂ ಹ್ರಸ್ವ, ನಡುವೆ ಒತ್ತಕ್ಷರ ಇಲ್ಲ. ಊರು, ಕಾಲು ಪದಗಳಲ್ಲಿ ಮೊದಲ ಅಕ್ಷರ ದೀರ್ಘ. ಕಣ್ಣು, ಕಲ್ಲು, ಮುಳ್ಳು ಪದಗಳಲ್ಲಿ ಒತ್ತಕ್ಷರ ಇದೆ. ಹೆಸರು, ಬೆಳಕು, ಕನಸು ಮೂರಕ್ಷರದವು.

ಇದು ಆಕಸ್ಮಿಕ ಅಲ್ಲ. ಕಣ್ ಎಂಬುದಕ್ಕೆ ಉ ಸೇರಿದಾಗ 'ಕಣು' ಆಗಲಿಲ್ಲ, 'ಕಣ್ಣು' ಆಯಿತು. ಕಲ್ 'ಕಲು' ಆಗಲಿಲ್ಲ, 'ಕಲ್ಲು' ಆಯಿತು. ಇವತ್ತಿಗೂ ಬಸ್ 'ಬಸು' ಆಗಿಲ್ಲ, ಪೆನ್ 'ಪೆನು' ಆಗಿಲ್ಲ. ಬಸ್ಸು, ಪೆನ್ನು ಆಗಿವೆ. ಮೊದಲ ಅಕ್ಷರ ಹ್ರಸ್ವವಾಗಿದ್ದ ಒಂಟಿ ಅಕ್ಷರದ ಪದಕ್ಕೆ ನಾವು ಉ ಹಚ್ಚುವಾಗ ವ್ಯಂಜನವನ್ನು ಇಮ್ಮಡಿ ಮಾಡಿಯೇ ಹಚ್ಚುತ್ತೇವೆ. ಹಾಗಾಗಿ ಹಚ್ಚಿದ ಉ ಇರುವ ನಾಮಪದ 'ಮಗು', 'ಹಸು' ಅಳತೆಗೆ ಬರುವುದೇ ಇಲ್ಲ. ಆ ಅಳತೆಯ ನಾಮಪದ ಕಂಡರೆ ಅದರ ಉ ಸ್ವಂತದ್ದು ಅಂತ ನಂಬಿಕೊಂಡು ವ್ ಹಾಕಬಹುದು.

ಅದು, ಇದು ಈ ಅಳತೆಯವಾದರೂ ಹೊರಗೆ ನಿಲ್ಲುತ್ತವೆ. ಅದೆಲ್ಲ, ಇದೇನು ಅನ್ನುತ್ತೇವೆ, ಅದುವೆಲ್ಲ ಅನ್ನುವುದಿಲ್ಲ. ಇವು ಸರ್ವನಾಮ, 'ಅ' ಮತ್ತು 'ಇ' ಗಳಿಗೆ 'ದು' ಸೇರಿ ಆದವು, ಇವುಗಳ ಉ ಹಗುರ. ಹಾಗೆಯೇ ಕ್ರಿಯಾಪದಗಳೂ ಹೊರಗೆ. ಕೊಡು, ಬಿಡು, ಸುಡು ಎಲ್ಲವೂ ಉ ಬಿಡುತ್ತವೆ: ಕೊಡಲಿ, ಬಿಡಲಿ, ಸುಡಲಿ. ಇಲ್ಲೇ ಒಂದು ಸೊಗಸಾದ ಜೋಡಿ ಸಿಗುತ್ತದೆ. 'ನಗು' ಕ್ರಿಯೆಯೂ ಹೌದು, ನಾಮಪದವೂ ಹೌದು. ಅವಳು ನಗಲಿಲ್ಲ. ಅವಳ ಮುಖದಲ್ಲಿ ನಗುವಿಲ್ಲ. ಮೊದಲನೆಯದರಲ್ಲಿ ಕ್ರಿಯೆ, ಉ ಬಿತ್ತು. ಎರಡನೆಯದರಲ್ಲಿ ನಾಮಪದ, ಉ ನಿಂತಿತು. ಅಳು ಎಂಬುದೂ ಹೀಗೇ: ಮಗು ಅಳಲಿಲ್ಲ, ಈ ಮನೆಯಲ್ಲಿ ಅಳುವಿಲ್ಲ. ಅದೇ ಎರಡಕ್ಷರ, ಆದರೆ ವಾಕ್ಯದಲ್ಲಿ ಮಾಡುವ ಕೆಲಸ ಬೇರೆಯಾದ ಕೂಡಲೇ ಸಂಧಿಯೂ ಬೇರೆ. ಪದವನ್ನು ಮಾತ್ರ ನೋಡಿ ತೀರ್ಪು ಕೊಡಬೇಡಿ, ವಾಕ್ಯ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಇಷ್ಟೆಲ್ಲ ಚರಿತ್ರೆ ನೆನಪಿಟ್ಟುಕೊಳ್ಳದೆಯೂ ಪರೀಕ್ಷೆ ಮಾಡುವ ದಾರಿ ಇದೆ. ಅನುಮಾನ ಬಂದ ಪದಕ್ಕೆ 'ಇಗೆ' ಹಚ್ಚಿ. ಊರಿಗೆ, ಮಾತಿಗೆ, ಮನಸ್ಸಿಗೆ, ಕಾರಿಗೆ ಬಂದರೆ ಉ ಬೀಳುವ ಗುಂಪು. ಗುರುವಿಗೆ, ಧಾತುವಿಗೆ, ಮಗುವಿಗೆ, ಮೆನುವಿಗೆ ಬಂದರೆ ಉ ಉಳಿಯುವ ಗುಂಪು. ವಿಭಕ್ತಿ ಹಚ್ಚುವಾಗ ನಮಗೆ ಗೊಂದಲವೇ ಆಗುವುದಿಲ್ಲ, ದಿನಕ್ಕೆ ನೂರು ಸಲ ಹಚ್ಚುತ್ತೇವೆ. ಅಲ್ಲಿ ಏನಾಯಿತೋ ಪದ ಪದ ಸೇರುವಾಗಲೂ ಅದೇ ಆಗುತ್ತದೆ. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಪದದೊಳಗಿನ ಸಂಧಿಯನ್ನು ಪದಮಧ್ಯ ಸಂಧಿ ಎಂದೂ, ಪದ ಪದ ಸೇರುವುದನ್ನು ಪದಾಂತ್ಯ ಸಂಧಿ ಎಂದೂ ಬೇರೆ ಮಾಡುತ್ತಾನೆ. ಉ ವಿಷಯದಲ್ಲಿ ಮೊದಲನೆಯದು ಎರಡನೆಯದಕ್ಕೆ ಸಾಕ್ಷಿ ಹೇಳುತ್ತದೆ.

ಇನ್ನೊಂದು ಸಾಕ್ಷಿ ಬೇಕಾದರೆ ಮನೆಮಾತನ್ನು ಕೇಳಿ. ವೇಗವಾಗಿ ಮಾತಾಡುವಾಗ 'ಊರ್ಗೆ ಹೋಗ್ತೀನಿ' ಅನ್ನುತ್ತೇವೆ, 'ಕಾಲ್ಗೆ ಪೆಟ್ಟಾಯ್ತು' ಅನ್ನುತ್ತೇವೆ. ಅಲ್ಲಿ ಸ್ವರ ಪೂರ್ತಿ ಹಾರಿಹೋಗಿ ಹಳೆಯ ಊರ್, ಕಾಲ್ ಮತ್ತೆ ಕೇಳಿಸುತ್ತದೆ. ಅದೇ ಮಗುವಿಗೆ ಬಂದಾಗ? 'ಮಗೂಗೆ ಹಾಲು ಕೊಡು'. ಹಸುವಿಗೆ ಬಂದಾಗ? 'ಹಸೂಗೆ ಹುಲ್ಲು ಹಾಕು'. ಉ ಬೀಳುವುದಿರಲಿ, ಉದ್ದವೇ ಆಗಿಬಿಡುತ್ತದೆ. ಹಗುರ ಉ ಮತ್ತು ಗಟ್ಟಿ ಉ ನಡುವಿನ ಭೇದ ನಮ್ಮ ನಾಲಿಗೆಯಲ್ಲೇ ಇದೆ, ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ.

ಈಗ ವ್ ಕಂಡ ಕಡೆಯೆಲ್ಲ ವಕಾರಾಗಮ ಎಂದು ಬರೆಯುವ ತಪ್ಪಿನ ವಿಷಯ. ನಿಮ್ಮಲ್ಲಿ ಉತ್ತರ ಪತ್ರಿಕೆ ತಿದ್ದುವವರು ಇದ್ದೀರಿ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. 'ಹಾವಿಲ್ಲ' ಯಾವ ಸಂಧಿ? ವ್ ಕಾಣುತ್ತಿದೆ, ಆದರೆ ಆ ವ್ ಹೊಸದಾಗಿ ಬಂದದ್ದಲ್ಲ. ಪದ 'ಹಾವು', ಅದರ ವ್ ಮೊದಲೇ ಇತ್ತು. ಹಾವು + ಇಲ್ಲ, ಉ ಬಿತ್ತು, ಲೋಪ ಸಂಧಿ. ನೋವಿಲ್ಲ, ಸಾವಿಲ್ಲ, ಒಲವಿಲ್ಲ, ಗೆಲುವಿಲ್ಲ ಎಲ್ಲವೂ ಲೋಪವೇ. 'ನಗುವಿಲ್ಲ' ಮತ್ತು 'ಗೆಲುವಿಲ್ಲ' ನೋಡುವುದಕ್ಕೆ ಅವಳಿಗಳಂತಿವೆ, ಬಿಡಿಸಿದರೆ ಒಂದು ಆಗಮ, ಒಂದು ಲೋಪ. ಹಾಗಾದರೆ 'ಹೂವಿಲ್ಲ'? ಕನ್ನಡದಲ್ಲಿ 'ಹೂ' ಕೂಡ ಇದೆ, 'ಹೂವು' ಕೂಡ ಇದೆ. ಹೂ + ಇಲ್ಲ ಅಂತ ಬಿಡಿಸಿದರೆ ಆಗಮ. ಹೂವು + ಇಲ್ಲ ಅಂತ ಬಿಡಿಸಿದರೆ ಲೋಪ. ಎರಡೂ ಸರಿ. ಮಾದರಿ ಉತ್ತರದಲ್ಲಿ ಆಗಮ ಅಂತಿದೆ ಎಂದು, ಹೂವು + ಇಲ್ಲ ಎಂದು ಬಿಡಿಸಿ ಲೋಪ ಎಂದು ಬರೆದ ಮಗುವಿನ ಅಂಕ ಕಳೆಯುವುದು ಅನ್ಯಾಯ. ಬಿಡಿಸಿದ ರೀತಿಗೂ ಹೇಳಿದ ಹೆಸರಿಗೂ ಹೊಂದಿಕೆ ಇದೆಯೇ ಅಂತ ನೋಡಿ. ಹೂ + ಇಲ್ಲ ಎಂದು ಬಿಡಿಸಿ ಲೋಪ ಎಂದು ಬರೆದಿದ್ದರೆ ಮಾತ್ರ ತಪ್ಪು ಹಾಕಿ.

ಮೂರನೆಯ ಬಗೆಯ ವ್ ಕೂಡ ಇದೆ. ಪತ್ರಿಕೆಯಲ್ಲಿ ಆಗಾಗ ಕಾಣುವ ಪದವನ್ನೇ ತಗೊಳ್ಳೋಣ. 'ಅಣ್ವಸ್ತ್ರವಿಲ್ಲದ ದೇಶ'. ಈ ಮೊದಲ ಪದದಲ್ಲಿ ಎರಡು ಕಡೆ ವ್ ಇದೆ. ಬಿಡಿಸಿ: ಅಣು + ಅಸ್ತ್ರ + ಇಲ್ಲದ. ಮೊದಲ ಕೂಡುಗೆಯಲ್ಲಿ ಉ ಎಲ್ಲಿ ಹೋಯಿತು? ಬೀಳಲಿಲ್ಲ, ಉಳಿಯಲೂ ಇಲ್ಲ. ಅದೇ ವ್ ಆಗಿ ಬದಲಾಯಿತು. ಣ್ ಗೆ ಒತ್ತಾಗಿ ನಿಂತ ಆ ವ್ ಹಿಂದಿನ ಉ. ಇದು ಸಂಸ್ಕೃತದ ಯಣ್ ಸಂಧಿ. ಎರಡನೆಯ ಕೂಡುಗೆಯಲ್ಲಿ 'ಅಸ್ತ್ರ'ದ ಅ ಹಾಗೇ ಇದೆ, 'ಇಲ್ಲದ' ಎಂಬುದರ ಇ ಹಾಗೇ ಇದೆ, ನಡುವೆ ಒಂದು ವ್ ಹೊಸದಾಗಿ ಬಂದಿದೆ. ಇದು ಕನ್ನಡದ ವಕಾರಾಗಮ. ಗುರುತಿಸುವ ಬಗೆ ಸುಲಭ: ವ್ ಬಂದ ಮೇಲೂ ಹಿಂದಿನ ಸ್ವರ ಕಾಣುತ್ತಿದ್ದರೆ ಆಗಮ, ಸ್ವರ ಮಾಯವಾಗಿ ಅದರ ಜಾಗದಲ್ಲೇ ವ್ ಇದ್ದರೆ ಯಣ್.

'ಅಣ್ವಸ್ತ್ರ'ವನ್ನು ಕೆಲವರು 'ಅಣ್ವಾಸ್ತ್ರ' ಎಂದು ಬರೆಯುತ್ತಾರೆ. ಅದು ತಪ್ಪು. ಉ ಜಾಗಕ್ಕೆ ವ್ ಬಂತು, ಸರಿ. ಮುಂದಿನ ಪದ 'ಅಸ್ತ್ರ', ಅದರ ಮೊದಲ ಸ್ವರ ಹ್ರಸ್ವ ಅ. ಅದು ದೀರ್ಘ ಆಗುವುದಕ್ಕೆ ಇಲ್ಲಿ ಕಾರಣವೇ ಇಲ್ಲ. 'ಜಾತ್ಯತೀತ' ಎಂಬುದನ್ನು 'ಜಾತ್ಯಾತೀತ' ಎಂದೂ, 'ಕೋಟ್ಯಧಿಪತಿ'ಯನ್ನು 'ಕೋಟ್ಯಾಧಿಪತಿ' ಎಂದೂ ಬರೆಯುವುದು ಇದೇ ತಪ್ಪಿನ ಇನ್ನೊಂದು ಮುಖ. ಮುಂದಿನ ಪದ 'ಆ'ದಿಂದ ಶುರುವಾಗಿದ್ದರೆ ಮಾತ್ರ ದೀರ್ಘ ಬರುತ್ತದೆ, ಅತಿ + ಆಧುನಿಕ = ಅತ್ಯಾಧುನಿಕ ಎಂಬಲ್ಲಿ ಬಂದ ಹಾಗೆ.

ಹಾಗಾದರೆ 'ಗುರು' ಪದಕ್ಕೆ ಯಣ್ ಯಾವಾಗ, ಆಗಮ ಯಾವಾಗ? ಇದು ಮುಂದಿನ ಪದದ ಮೇಲೆ ನಿಂತಿದೆ. ಗುರು + ಆಜ್ಞೆ ಎರಡೂ ಸಂಸ್ಕೃತ ಪದ, ಸೇರಿ ಒಂದು ಸಮಾಸ ಆಗುತ್ತಿವೆ, ಗುರ್ವಾಜ್ಞೆ. ಗುರು + ಉಪದೇಶ, ಅಲ್ಲಿ ಉ ಮುಂದೆ ಉ, ಗುರೂಪದೇಶ. ಗುರು + ಆದ, ಇಲ್ಲಿ ಮುಂದಿನದು ಕನ್ನಡ ಪದ, ಗುರುವಾದ. 'ಗುರ್ವಾದ' ಅಂತ ಯಾರೂ ಅನ್ನುವುದಿಲ್ಲ, ಅನ್ನಬಾರದು. ಸಂಸ್ಕೃತ ಪದ ಕಂಡ ಕೂಡಲೇ ಸಂಸ್ಕೃತ ಸಂಧಿ ಅಂತ ಹೊರಡುವವರು ಎಡವುವುದು ಇಲ್ಲೇ. ಕೂಡುಗೆಯ ಎರಡೂ ಕಡೆ ಸಂಸ್ಕೃತ ಇರಬೇಕು, ಸಮಾಸವೂ ಆಗಿರಬೇಕು. ಇಲ್ಲದಿದ್ದರೆ ಕನ್ನಡದ ನಿಯಮವೇ ನಡೆಯುತ್ತದೆ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಮೇಡಂ ಕೇಳಿದರು: "ಸರ್, 'ಮರವಿಲ್ಲ' ಎಂಬುದನ್ನು ಮರವು + ಇಲ್ಲ ಅಂತ ಬಿಡಿಸಬಹುದಲ್ವಾ? ಆಗ ಅದು ಲೋಪ ಆಗುತ್ತದಲ್ಲ?" ಒಳ್ಳೆಯ ಪ್ರಶ್ನೆ. ಹಾಗೆ ಬಿಡಿಸಬಹುದು. 'ಮರವು' ಪ್ರಥಮಾ ವಿಭಕ್ತಿಯ ರೂಪ, ಮರ + ಉ. ಆದರೆ ಆ 'ಮರವು' ಎಂಬುದರಲ್ಲೇ ವ್ ಆಗಮವಾಗಿ ಬಂದಿದೆ. ಅಂದರೆ ಆಗಮ ತಪ್ಪಲಿಲ್ಲ, ಒಂದು ಹೆಜ್ಜೆ ಹಿಂದಕ್ಕೆ ಹೋಯಿತು ಅಷ್ಟೇ. ಇವತ್ತು ಯಾರೂ 'ಮರವು' ಅಂತ ಮಾತಾಡುವುದಿಲ್ಲವಾದ್ದರಿಂದ, ಮಕ್ಕಳಿಗೆ ಮರ + ಇಲ್ಲ ಎಂದೇ ಹೇಳಿಕೊಡುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಇನ್ನೊಂದು ದಾರಿಯಲ್ಲಿ ಬಿಡಿಸಿದವರನ್ನು ತಪ್ಪು ಅನ್ನಲಾರೆ.

ಕರಡು ತಿದ್ದುವ ಗೆಳೆಯರೊಬ್ಬರು ಕೇಳಿದ್ದು 'ಊಟಾಯ್ತಾ' ಬಗ್ಗೆ. ಬರಹದಲ್ಲಿ 'ಊಟವಾಯಿತೇ' ಎಂದು ತಿದ್ದಬೇಕೇ? ಊಟ + ಆಯ್ತಾ ಎಂಬಲ್ಲಿ ಆಡುಮಾತು ಅ ಬಿಟ್ಟುಬಿಡುತ್ತದೆ, ಬರಹ ವ್ ಹಾಕುತ್ತದೆ. 'ಊಟಾಯ್ತಾ' ಅಂದರೆ ಅರ್ಥಕ್ಕೆ ಏನೂ ಕೊರತೆ ಇಲ್ಲ, ಲೋಪ ಸಂಧಿಯ ನಿಯಮವನ್ನೇ ಅದು ಪಾಲಿಸಿದೆ. ಕಥೆಯ ಪಾತ್ರ ಹಾಗೆ ಮಾತಾಡಿದ್ದರೆ ದಯವಿಟ್ಟು ಮುಟ್ಟಬೇಡಿ. ವರದಿಯ ವಾಕ್ಯದಲ್ಲಾದರೆ 'ಊಟವಾಯಿತು' ಇರಲಿ, ಇಲ್ಲವೇ ಬಿಡಿಸಿ 'ಊಟ ಆಯಿತು' ಅಂತ ಬರೆಯಿರಿ.

ಬಿಡಿಸಿ ಬರೆಯುವುದರ ಬಗ್ಗೆಯೂ ಅವರು ಕೇಳಿದರು. ಹಳಗನ್ನಡ ಕಾವ್ಯದಲ್ಲಿ ಪದ ಪದಗಳ ನಡುವೆ ಸಂಧಿ ಮಾಡಿಯೇ ಬರೆಯುತ್ತಿದ್ದರು. ಇವತ್ತಿನ ಗದ್ಯದಲ್ಲಿ ಅದು ಬರೆಯುವವರ ಇಷ್ಟ. 'ಸಾಧ್ಯ ಇಲ್ಲ' ಸರಿ, 'ಸಾಧ್ಯವಿಲ್ಲ' ಸರಿ. ಆದರೆ ಅಂಕಣ ಕಿರಿದಾದಾಗಲೋ ಬೆರಳು ಆತುರ ಪಟ್ಟಾಗಲೋ ಅಚ್ಚಾಗುವ 'ಸಾಧ್ಯ ವಿಲ್ಲ', 'ಅಗತ್ಯ ವಿದೆ' ಮಾತ್ರ ಯಾವ ನಿಯಮಕ್ಕೂ ಸೇರದವು. 'ವಿಲ್ಲ' ಎಂಬ ಪದ ಕನ್ನಡದಲ್ಲಿ ಇಲ್ಲ, 'ವಿದೆ' ಎಂಬುದೂ ಇಲ್ಲ. ವ್ ಹುಟ್ಟುವುದೇ ಎರಡು ಸ್ವರ ಅಂಟಿಕೊಂಡಾಗ. ನಡುವೆ ಜಾಗ ಬಿಟ್ಟ ಮೇಲೆ ಅದಕ್ಕೆ ಇರುವುದಕ್ಕೆ ಕಾರಣ ಇಲ್ಲ. ಕರಡಿನಲ್ಲಿ ಇಂಥದ್ದು ಕಂಡರೆ ಎರಡರಲ್ಲಿ ಒಂದು ಮಾಡಿ: ಜಾಗ ತೆಗೆಯಿರಿ, ಇಲ್ಲವೇ ವ್ ತೆಗೆಯಿರಿ.